ಉಳಿದ ದಿನಗಳ ಬೆಲೆ

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕೆಲಸ ಕೊಟ್ಟವರನ್ನು ಏನಾದರೂ ಕೇಳುವುದೆಂದರೆ ಕೃತಘ್ನತೆಯೆಂದೇ ನಮ್ಮಂಥವರ ಮನೆಗಳಲ್ಲಿ ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ನಮ್ಮ ಕಾಲೇಜಿನಲ್ಲೇ ಓದಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ, ನಮ್ಮೂರಿನ ಅಣ್ಣನೊಬ್ಬರ ಸಂಗತಿಯಿಂದ ಅದು ನನಗೆ ಮನದಟ್ಟಾಯಿತು.

ಅವರ ಹಳೆಯ ಕಂಪನಿಯ ನೋಟೀಸು ಅವಧಿ 90 ದಿನ. ಹೊಸ ಕಂಪನಿಯವರು 60 ದಿನಗಳಲ್ಲೇ ಬಂದು ಸೇರಬೇಕೆಂದರು. ಉಳಿದ 30 ದಿನಗಳಿಗೆ ಹಣ ಕಟ್ಟಿ ಬಿಡುಗಡೆ ಪಡೆಯುವುದನ್ನೇ ಬೈಔಟ್ ಎನ್ನುತ್ತಾರೆ. ಆದರೆ ಹಣವಿದ್ದ ಮಾತ್ರಕ್ಕೆ ಬಿಡುಗಡೆ ದೊರೆಯುವುದಿಲ್ಲ. ಅನೇಕ ನೇಮಕಾತಿ ಪತ್ರಗಳಲ್ಲಿ ಅದು ಕಂಪನಿಯ ಇಚ್ಛೆಗೆ ಬಿಟ್ಟದ್ದೆಂದು ಬರೆದಿರುತ್ತದೆ. ಆದುದರಿಂದ ಅಣ್ಣ ಮೊದಲು ತಮ್ಮ ಪತ್ರವನ್ನು ತೆಗೆದು ಓದಿದರು. ಬೈಔಟಿಗೆ ಅವಕಾಶವಿತ್ತು, ಆದರೆ ಕಡಿತವು ಪೂರ್ಣ ಸಂಬಳದ ಮೇಲೆ, ಅಂದರೆ ತಿಂಗಳಿಗೆ 36,000 ರೂಪಾಯಿ.

ಬಳಿಕ, ಹೊಸ ಕಂಪನಿಯ ಪತ್ರಕ್ಕೆ ಸಹಿ ಹಾಕುವ ಮುನ್ನವೇ, ಈ ಹಣವನ್ನು ತಾವು ಭರಿಸುವಿರಾ ಎಂದು ಕೇಳಿದರು. "ಆಗಲಿ, ನೋಡಿಕೊಳ್ಳೋಣ" ಎಂದು ಫೋನಿನಲ್ಲಿ ಉತ್ತರ ಬಂತು. ಅಣ್ಣ ಅಷ್ಟಕ್ಕೇ ತೃಪ್ತರಾಗದೆ, "ದಯವಿಟ್ಟು ಬರೆದು ಕಳಿಸಿ" ಎಂದರು. ಬರೆದು ಬಂದಾಗಲೇ ನಿಜಸ್ಥಿತಿ ತಿಳಿದದ್ದು. ಅವರು ಕೊಡುವುದು ಮೂಲ ವೇತನದ ಲೆಕ್ಕದಲ್ಲಿ, ತಿಂಗಳಿಗೆ 18,000 ಮಾತ್ರ. ಅದೂ ಹಳೆಯ ಕಂಪನಿಯ ಬಿಡುಗಡೆ ಪತ್ರವನ್ನೂ ಅಂತಿಮ ಲೆಕ್ಕದ ಚೀಟಿಯನ್ನೂ ತೋರಿಸಿದ ಮೇಲೆ. ಒಂದು ವರ್ಷದೊಳಗೆ ಕೆಲಸ ಬಿಟ್ಟರೆ ಆ ಹಣವನ್ನು ಹಿಂದಿರುಗಿಸಬೇಕು.

ಫೋನಿನ ಮಾತನ್ನೇ ನಂಬಿದ್ದರೆ ಅರ್ಧ ಹಣ ಕೈಬಿಡುತ್ತಿತ್ತು. ಹಳೆಯ ಕಂಪನಿಯವರು ಕೊನೆಯ ಸಂಬಳದಲ್ಲೇ ಕಡಿತ ಮಾಡುವುದರಿಂದ, ಊರಿಗೆ ಕಳಿಸಲು ಆ ತಿಂಗಳು ಬಿಡಿಗಾಸೂ ಇರುತ್ತಿರಲಿಲ್ಲ. ಅಣ್ಣ ಎರಡನೆಯ ಸಲ ಕೇಳಿದ್ದು ಹಣವನ್ನಲ್ಲ, ದಿನಗಳನ್ನು: "ಸೇರುವ ದಿನವನ್ನು 15 ದಿನ ಮುಂದೂಡಿ." ಅವರು ಒಪ್ಪಿದರು. 75 ದಿನ ದುಡಿದು 15 ದಿನಗಳನ್ನಷ್ಟೇ ಕೊಂಡದ್ದರಿಂದ ಕಡಿತವಾದದ್ದು 18,000, ಹೊಸಬರು ಕೊಟ್ಟದ್ದು 9,000, ಸ್ವಂತ ನಷ್ಟ 9,000. ಹೀಗೆ ಬಂದ ಹಣವನ್ನೂ ಸಂಬಳವೆಂದೇ ಎಣಿಸುವುದರಿಂದ, ಆದಾಯ ತೆರಿಗೆಯ ಮಿತಿ ದಾಟಿದವರಿಗೆ ಅದು ತೆರಿಗೆ ಕಳೆದೇ ಕೈಸೇರುತ್ತದೆ.

ಕೇಳಿದ್ದಕ್ಕಾಗಿ ಆ ಕಂಪನಿಯವರು ಕೊಟ್ಟ ಕೆಲಸವನ್ನು ಹಿಂತೆಗೆದುಕೊಳ್ಳಲಿಲ್ಲ. "ಕೊಡುವ ಕ್ರಮವಿಲ್ಲ" ಎಂದೂ ಅವರು ಹೇಳಬಹುದಾಗಿತ್ತು. ಹಾಗೆಂದರೂ ಅದು ಸಹಿಗೆ ಮೊದಲೇ ತಿಳಿಯುವುದು ಮೇಲು. ಬೇಗ ಬರಬೇಕೆಂಬ ಅವಸರ ಅವರದಾಗಿರುವಾಗ ಅದರ ವೆಚ್ಚವನ್ನು ವಿಚಾರಿಸುವುದು ಭಿಕ್ಷೆಯಲ್ಲ, ವ್ಯವಹಾರ. ಹೆದರಿ ಕೇಳದೆ, ಹಳೆಯ ಕಂಪನಿಗೆ ಹೇಳದೆ ಓಡಿಹೋದವನಿಗೆ ಬಿಡುಗಡೆ ಪತ್ರವೇ ಸಿಗದಿರಬಹುದು. ಹೊಸ ಬಾಗಿಲಲ್ಲಿ ಮೊದಲು ಕೇಳುವುದು ಅದನ್ನೇ. ಸಹಪಾಠಿಗಳೇ, ನಾಳೆ ನಮ್ಮ ಸರದಿ ಬಂದಾಗ ಸಂಕೋಚವನ್ನು ಬಿಟ್ಟು ಕೇಳೋಣ. ಉತ್ತರವನ್ನು ಮಾತ್ರ ಬರಹದಲ್ಲಿ ಪಡೆಯೋಣ.