ಕರೆಂಟ್ ನಿಲ್ಲದ ಊರಿಗೆ ಸಿಂಗಲ್ ಡೋರೇ ಸಾಕು

ನಾಲ್ಕು ಜನರ ಸಂಸಾರ ಫ್ರಿಜ್ ಅಂಗಡಿಗೆ ಹೋದರೆ ಸಿಗುವ ಸಲಹೆ ಒಂದೇ: ಡಬಲ್ ಡೋರ್ ತಗೊಳ್ಳಿ. ಮನೆಯಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತೆ ಅಂತ ಯಾರೂ ಕೇಳುವುದಿಲ್ಲ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ದಿನವಿಡೀ ಕತ್ತಲಾಗುವ ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಮೊದಲು ಕೇಳಬೇಕಾದ್ದೇ ಅದು. ಇಂಥ ಮನೆಗಳಿಗೆ ಸಿಂಗಲ್ ಡೋರೇ ಸರಿ ಎನ್ನುವುದು ನಮ್ಮ ವಾದ.

ಕಾರಣ ಬಾಗಿಲಿನ ಲೆಕ್ಕದಲ್ಲಿಲ್ಲ, ಒಳಗೆ ತಂಪು ಹರಿಯುವ ರೀತಿಯಲ್ಲಿದೆ. ಈಗಿನ ಡಬಲ್ ಡೋರ್‌ಗಳು ಬಹುಪಾಲು ಫ್ರಾಸ್ಟ್ ಫ್ರೀ. ಮೇಲಿನ ಫ್ರೀಜರಿನ ತಂಪು ಗಾಳಿಯನ್ನು ಫ್ಯಾನ್ ಕೆಳಕ್ಕೆ ತಳ್ಳಬೇಕು. ಕರೆಂಟ್ ಹೋದರೆ ಫ್ಯಾನ್ ನಿಂತಿತು. ಮೇಲೆ ಐಸ್ ಇದ್ದರೂ ಕೆಳಗಿನ ಹಾಲು, ದೋಸೆ ಹಿಟ್ಟಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಸಿಂಗಲ್ ಡೋರ್‌ನಲ್ಲಿ ಫ್ಯಾನ್ ಇಲ್ಲ. ಫ್ರೀಜರ್ ಪೆಟ್ಟಿಗೆ ಅದೇ ಕೋಣೆಯೊಳಗೆ ಮೇಲ್ಗಡೆ ಇದೆ, ತಂಪು ಗಾಳಿ ಭಾರವಾದ್ದರಿಂದ ತಾನೇ ಇಳಿಯುತ್ತದೆ. ಐಸ್ ಇರುವಷ್ಟು ಹೊತ್ತು ಕರೆಂಟ್ ಇಲ್ಲದೆಯೂ ಇಳಿಯುತ್ತಲೇ ಇರುತ್ತದೆ.

ಹಾಗಾಗಿ ಐಸ್ ಕೂಡಿಡುವುದೇ ಉಪಾಯ. ಒಂದು ಲೀಟರಿನ ಮೂರು ಬಾಟಲಿಗೆ ಮುಕ್ಕಾಲು ನೀರು ತುಂಬಿ (ಪೂರ್ತಿ ತುಂಬಿದರೆ ಐಸ್ ಉಬ್ಬಿ ಒಡೆಯುತ್ತದೆ) ಯಾವಾಗಲೂ ಫ್ರೀಜರಿನಲ್ಲಿಡಿ. ಒಂದು ಕಿಲೋ ಐಸ್ ಕರಗುವಾಗ ಹೀರುವ ಶಾಖದಲ್ಲಿ ನಾಲ್ಕು ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಬಹುದು. ಮೂರು ಬಾಟಲಿಯಲ್ಲಿ ಅಂಥದ್ದು ಎರಡು ಕಿಲೋಗಿಂತ ಹೆಚ್ಚೇ ಇದೆ. ಕರೆಂಟ್ ಹೋದ ಕೂಡಲೇ ಒಂದನ್ನು ಹಾಲಿನ ಪಾತ್ರೆಯ ಪಕ್ಕಕ್ಕೆ ಇಳಿಸಿ, ಆಮೇಲೆ ಬಾಗಿಲು ಮುಟ್ಟಬೇಡಿ. ಐಸ್ ಇಲ್ಲದ ಫ್ರಿಜ್ ಬಾಗಿಲು ಮುಚ್ಚಿದ್ದರೂ ನಾಲ್ಕು ಗಂಟೆಯಷ್ಟೇ ನಂಬಿಕೆಗೆ ಅರ್ಹ.

ರಾತ್ರಿ ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಎಂದು ಗೊತ್ತಾಗದಿದ್ದರೆ ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ ಮೇಲೊಂದು ನಾಣ್ಯ ಇಟ್ಟಿರಿ. ಬೆಳಿಗ್ಗೆ ನಾಣ್ಯ ತಳ ಸೇರಿದ್ದರೆ ಐಸೆಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಒಳಗಿದ್ದ ಮೀನು, ಮಾಂಸ ಎಸೆಯುವುದೇ ಮೇಲು.

ಹಾಗಂತ ಸಿಂಗಲ್ ಡೋರ್‌ಗೆ ಕುಂದಿಲ್ಲವೆಂದಲ್ಲ. ನಾಲ್ವರಿಗೆ 180 ಲೀಟರ್ ಇಕ್ಕಟ್ಟು, 220ರ ಮೇಲಿನದನ್ನೇ ನೋಡಿ. ವಾರಗಟ್ಟಲೆ ಮೀನು ಕೂಡಿಡುವ ಮನೆಗೆ ಆ ಪುಟ್ಟ ಫ್ರೀಜರ್ ಸಾಲದು. ಕರೆಂಟ್ ಗಂಟೆ, ಎರಡು ಗಂಟೆಯಷ್ಟೇ ಹೋಗುವ ಊರಾದರೆ ಅವರು ಡಬಲ್ ಡೋರ್ ಕೊಳ್ಳಲಿ. ಇನ್ನು ಫ್ರೀಜರಿನ ಗೋಡೆಗೆ ಕಟ್ಟುವ ಐಸನ್ನು ನಾವೇ ಆಗಾಗ ಕರಗಿಸಬೇಕು. ಬೇಸರವೆಂದು ಚಾಕುವಿನಿಂದ ಕೆರೆಯಲು ಹೋಗಬೇಡಿ. ಆ ತಗಡಿನೊಳಗೇ ಗ್ಯಾಸ್ ಹರಿಯುವ ಕೊಳವೆಯಿದೆ. ತೂತು ಬಿದ್ದರೆ ರಿಪೇರಿಯವನು ಬಂದರೂ ಹಳೇ ಫ್ರಿಜ್ಜಿಗೆ ಆ ಖರ್ಚು ಗಿಟ್ಟುವುದು ಕಷ್ಟ.