ಬಾಂಡ್ ಕೋರ್ಟಲ್ಲಿ ನಿಲ್ಲುತ್ತದೆಯೇ? ವಿಜಯಾ ಬ್ಯಾಂಕ್ ತೀರ್ಪು ಹೇಳುವುದೇನು?

ಫಾತೋರ್ಡಾದ ಕಂಪೆನಿಯೊಂದು ಮಂಗಳೂರಿನ ಹುಡುಗನಿಗೆ ಕೆಲಸ ಕೊಟ್ಟಿದೆ ಎಂದಿಟ್ಟುಕೊಳ್ಳಿ. ಕರಾರಿನಲ್ಲಿ ಎರಡು ಷರತ್ತು: ಎರಡು ವರ್ಷದೊಳಗೆ ಬಿಟ್ಟರೆ 1 ಲಕ್ಷ ರೂ. ಕಟ್ಟಬೇಕು, ಬಿಟ್ಟ ಮೇಲೆ ಒಂದು ವರ್ಷ ಅದೇ ವ್ಯವಹಾರದ ಬೇರೆ ಕಂಪೆನಿ ಸೇರಬಾರದು. ಹುಡುಗರು ಹೆದರುವುದು ಎರಡನೆಯದಕ್ಕೆ. ಬಾಂಡ್ ಬಗ್ಗೆ ಕೇಳಿದರೆ, 'ಅದೆಲ್ಲ ಕೋರ್ಟಲ್ಲಿ ನಿಲ್ಲಲ್ಲ' ಅಂತಾರೆ. ಕಾನೂನು ಹೆಚ್ಚುಕಡಿಮೆ ಉಲ್ಟಾ ಇದೆ.

ಕರಾರು ಕಾಯ್ದೆಯ 27ನೇ ಕಲಮಿನಡಿ, ಕೆಲಸ ಬಿಟ್ಟ ನಂತರದ ಇಂಥ ನಿರ್ಬಂಧ ಸಾಮಾನ್ಯವಾಗಿ ಅಸಿಂಧು. ಬಾಂಡ್ ಹಾಗಲ್ಲ. ಮಂಗಳೂರಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು 3 ವರ್ಷ ತುಂಬುವ ಮೊದಲೇ, 2009ರಲ್ಲಿ ರಾಜೀನಾಮೆ ಕೊಟ್ಟು, ಆಕ್ಷೇಪ ದಾಖಲಿಸಿಯೇ 2 ಲಕ್ಷ ರೂ. ಕಟ್ಟಿದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು: ಷರತ್ತು ಬೇರೆ ಕೆಲಸಕ್ಕೆ ಸೇರುವುದನ್ನು ತಡೆದಿಲ್ಲ, ಅವಧಿಗೆ ಮುಂಚೆ ಬಿಡುವುದಕ್ಕೆ ಬೆಲೆ ಕಟ್ಟಿದೆ ಅಷ್ಟೇ, ಆ ಸಂಬಳಕ್ಕೆ 2 ಲಕ್ಷ ವಿಪರೀತವೂ ಅಲ್ಲ.

ಆದರೆ ಅಲ್ಲಿ ಲೆಕ್ಕಕ್ಕೆ ಬಂದದ್ದು, ಜಾಹೀರಾತು ಕೊಟ್ಟು ಹೊಸದಾಗಿ ನೇಮಕ ನಡೆಸಬೇಕಾದ ಸರಕಾರಿ ಬ್ಯಾಂಕಿನ ಖರ್ಚು. ಖಾಸಗಿ ಕಂಪೆನಿಗೆ ಆ ವಾದ ಹಾಗೇ ಒಪ್ಪುವುದಿಲ್ಲ. 74ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಕೋರ್ಟ್ ಕೊಡಿಸುವುದು ನ್ಯಾಯವಾದ ಪರಿಹಾರ. ಹಾಗಾಗಿ ಸಹಿಗೆ ಮೊದಲೇ ಕೇಳಬೇಕು: ತರಬೇತಿಗೆ ಖರ್ಚೆಷ್ಟು? ದುಡಿದ ತಿಂಗಳಿಗೆ ತಕ್ಕಂತೆ ಮೊತ್ತ ಇಳಿಯುತ್ತದೆಯೇ? ಪ್ರೊಬೇಷನ್‌ನಲ್ಲಿ ಕಂಪೆನಿಯೇ ತೆಗೆದರೆ ಬಾಂಡ್ ರದ್ದಾಗುತ್ತದೆಯೇ? ಉತ್ತರ ಬಾಯಿಮಾತಲ್ಲಿ ಬೇಡ, ಇಮೇಲಲ್ಲಿ ಇರಲಿ.