ಪರ್ಸೆಂಟೈಲ್ ಹೇಳುವುದು ಸ್ಥಾನವನ್ನು, ಕಲಿಕೆಯನ್ನಲ್ಲ

ಜೆಇಇ ಮೇನ್ ಪರೀಕ್ಷೆಯ ಮೊದಲ ಸುತ್ತಿನ ಫಲಿತಾಂಶ ಬಂದ ವಾರ, ಪಿಯು ವಿಜ್ಞಾನ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದೇ ಪ್ರಶ್ನೆ: ಎಷ್ಟು ಬಂತು? ‘94 ಬಂದಿದೆ’ ಎಂದು ಮಗಳು ಹೇಳಿದರೆ ಮನೆಯ ಹಿರಿಯರು ನೂರಕ್ಕೆ ತೊಂಬತ್ತನಾಲ್ಕು ಅಂಕ ಎಂದೇ ತಿಳಿಯುತ್ತಾರೆ. ಆದರೆ 300ಕ್ಕೆ ಆಕೆ ಗಳಿಸಿದ ಅಂಕ ಅರ್ಧಕ್ಕಿಂತಲೂ ಕಡಿಮೆ ಇರಬಹುದು. ಹಾಗೆಂದು ಅವಳ ಸಾಧನೆ ಸಣ್ಣದೂ ಅಲ್ಲ, ಒಳ್ಳೆಯ ಎನ್ಐಟಿಯಲ್ಲಿ ಸೀಟು ಖಾತ್ರಿ ಎನ್ನುವಷ್ಟು ದೊಡ್ಡದೂ ಅಲ್ಲ. ಎರಡನ್ನೂ ತಿಳಿಯಬೇಕಾದರೆ ಆ 94 ಎಲ್ಲಿಂದ ಬಂತು ಎಂಬುದನ್ನು ನೋಡಬೇಕು.

ಶೇಕಡಾವಾರು ಅಂಕದ ಲೆಕ್ಕ ವಿದ್ಯಾರ್ಥಿ ಮತ್ತು ಪ್ರಶ್ನೆಪತ್ರಿಕೆಯ ನಡುವಿನದು. 300ರಲ್ಲಿ 150 ಬಂದರೆ ಶೇ 50, ಅಷ್ಟೆ. ಪಕ್ಕದ ಕುರ್ಚಿಯಲ್ಲಿ ಕೂತವರು ಎಷ್ಟು ತೆಗೆದರು ಎಂಬುದಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಪರ್ಸೆಂಟೈಲ್‌ನಲ್ಲಿ ಪಕ್ಕದವರೇ ಅಳತೆಗೋಲು. ಜೆಇಇ ಮೇನ್ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) 2019ರಿಂದ ಬಳಸುತ್ತಿರುವ ಸೂತ್ರ ಸರಳವಾಗಿದೆ. ನೀವು ಬರೆದ ಶಿಫ್ಟ್‌ನಲ್ಲಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ಪಡೆದವರು ಎಷ್ಟು ಮಂದಿ ಎಂದು ಎಣಿಸಬೇಕು, ಅದನ್ನು ಆ ಶಿಫ್ಟ್ ಬರೆದ ಒಟ್ಟು ಮಂದಿಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ‘ನಿಮ್ಮಷ್ಟೇ’ ಎಂಬವರಲ್ಲಿ ನೀವೂ ಸೇರಿರುತ್ತೀರಿ. ಹಾಗಾಗಿ ಪ್ರತಿ ಶಿಫ್ಟ್‌ನ ಅಗ್ರಸ್ಥಾನಿಗೆ, ಅವರು 300ಕ್ಕೆ 300 ತೆಗೆದಿರದಿದ್ದರೂ, ನೂರಕ್ಕೆ ನೂರು ಪರ್ಸೆಂಟೈಲ್ ಸಿಗುತ್ತದೆ. ಅಂಕಪಟ್ಟಿಯಲ್ಲಿ ದಶಮಾಂಶದ ನಂತರ ಏಳು ಅಂಕಿಗಳಿರುವುದು ಹೆಚ್ಚು ಮಂದಿ ಒಂದೇ ಸಂಖ್ಯೆಯಲ್ಲಿ ನಿಲ್ಲದಿರಲಿ ಎಂಬ ಕಾರಣಕ್ಕೆ.

ಈ ಸುತ್ತುಬಳಸಿನ ಲೆಕ್ಕ ಏಕೆ ಬೇಕಾಯಿತು? ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಒಂದೇ ಹೊತ್ತಿಗೆ ಕಂಪ್ಯೂಟರ್ ಮುಂದೆ ಕೂರಿಸಲು ಆಗುವುದಿಲ್ಲ. ಹಲವು ದಿನ, ಬೆಳಿಗ್ಗೆ ಮತ್ತು ಮಧ್ಯಾಹ್ನದ ಶಿಫ್ಟ್‌ಗಳಲ್ಲಿ, ಬೇರೆ ಬೇರೆ ಪ್ರಶ್ನೆಪತ್ರಿಕೆ ಕೊಡಬೇಕಾಗುತ್ತದೆ. ಎಷ್ಟೇ ಎಚ್ಚರ ವಹಿಸಿದರೂ ಒಂದು ಪತ್ರಿಕೆ ಸುಲಭವಾಗಿ, ಮತ್ತೊಂದು ಕಷ್ಟವಾಗಿ ಬರುತ್ತದೆ.

ಲೆಕ್ಕ ಸುಲಭವಾಗಲೆಂದು ಎರಡು ಶಿಫ್ಟ್‌ಗಳನ್ನು ಊಹಿಸಿಕೊಳ್ಳೋಣ, ಒಂದೊಂದರಲ್ಲೂ ಒಂದು ಲಕ್ಷ ಮಂದಿ. ಬೆಳಗಿನ ಪತ್ರಿಕೆ ಸುಲಭ. ಅದರಲ್ಲಿ 150 ಅಂಕ ತೆಗೆದ ಹುಡುಗನಷ್ಟು ಅಥವಾ ಅವನಿಗಿಂತ ಕಡಿಮೆ ಅಂಕ ಪಡೆದವರು 97,600 ಮಂದಿ, ಅವನಿಗೆ 97.6 ಪರ್ಸೆಂಟೈಲ್. ಮಧ್ಯಾಹ್ನದ ಪತ್ರಿಕೆ ಕಷ್ಟ. ಅಲ್ಲಿ ಅದೇ 150 ತೆಗೆದ ಹುಡುಗಿಯ ವಿಷಯದಲ್ಲಿ ಆ ಎಣಿಕೆ 98,500; ಅವಳಿಗೆ 98.5. ಇಬ್ಬರದೂ ಶೇ 50 ಅಂಕವೇ. ಆದರೆ ಒಟ್ಟು 14 ಲಕ್ಷ ಮಂದಿ ಬರೆದ ವರ್ಷದಲ್ಲಿ ಅವನ ಮುಂದೆ ಸುಮಾರು 33,600 ಮಂದಿ ಇರುತ್ತಾರೆ, ಅವಳ ಮುಂದೆ 21,000. ಅವಳಿಗೆ ಅನುಕೂಲವಾಯಿತೆಂದು ದೂರುವುದು ಸರಿಯಲ್ಲ. ಕಷ್ಟದ ಪತ್ರಿಕೆಯಲ್ಲಿ ಅಷ್ಟು ಅಂಕ ತೆಗೆಯುವುದು ಹೆಚ್ಚು ವಿರಳವಾಗಿತ್ತು, ಲೆಕ್ಕ ಅದನ್ನು ಗುರುತಿಸಿದೆ.

ಆದರೆ ಈ ನ್ಯಾಯ ಒಂದು ನಂಬಿಕೆಯ ಮೇಲೆ ನಿಂತಿದೆ: ಎರಡೂ ಶಿಫ್ಟ್‌ಗಳಿಗೆ ಬಂದ ಗುಂಪುಗಳು ಒಟ್ಟಾರೆ ಸಮಾನ ಸಾಮರ್ಥ್ಯದವು ಎಂಬುದು. ಯಾರು ಯಾವ ಶಿಫ್ಟ್ ಎಂಬುದು ಯಾದೃಚ್ಛಿಕವಾಗಿ ನಿರ್ಧಾರವಾಗಿ, ಪ್ರತಿ ಶಿಫ್ಟ್‌ನಲ್ಲೂ ಲಕ್ಷದ ಆಸುಪಾಸು ಮಕ್ಕಳಿದ್ದರೆ ಈ ನಂಬಿಕೆ ಬಹುಮಟ್ಟಿಗೆ ನಿಜ. ಗುಂಪು ಚಿಕ್ಕದಾದಷ್ಟೂ ಅದು ಸಡಿಲವಾಗುತ್ತದೆ. ಕೋಚಿಂಗ್ ಕೇಂದ್ರದ ಅಣಕು ಪರೀಕ್ಷೆಯಲ್ಲಿ 99 ಪರ್ಸೆಂಟೈಲ್ ಬಂತೆಂದು ಹಿಗ್ಗುವ ಮೊದಲು ಅದನ್ನು ಎಷ್ಟು ಮಂದಿ, ಎಂಥವರು ಬರೆದರು ಎಂದು ಕೇಳಬೇಕಾದದ್ದು ಇದಕ್ಕೇ. 800 ಮಂದಿ ಬರೆದ ಪರೀಕ್ಷೆಯಲ್ಲಿ 99 ಎಂದರೆ ಮೇಲೆ ಎಂಟು ಮಂದಿ ಇದ್ದಾರೆ ಎಂದಷ್ಟೇ ಅರ್ಥ. ಆ ಸಂಖ್ಯೆಯನ್ನು ಹಾಗೇ ಎತ್ತಿ ಜೆಇಇಗೆ ಹಚ್ಚಲಾಗದು.

ಪರ್ಸೆಂಟೈಲ್ ಬಗ್ಗೆ ಅತಿ ಹೆಚ್ಚು ಗೊಂದಲ ಇರುವುದು ಕಟ್‌ಆಫ್ ವಿಷಯದಲ್ಲಿ. ಜೆಇಇ ಅಡ್ವಾನ್ಸ್ಡ್ ಬರೆಯಲು ಸಾಮಾನ್ಯ ವರ್ಗಕ್ಕೆ 2021ರಲ್ಲಿ ಬೇಕಾಗಿದ್ದದ್ದು 87.90. 2024ರಲ್ಲಿ ಅದು 93.24ಕ್ಕೆ ಏರಿತು. ಪರೀಕ್ಷೆಯ ಮಟ್ಟ ಏರಿದೆ, ಈಗಿನ ಮಕ್ಕಳು ಹೆಚ್ಚು ಕಲಿತಿದ್ದಾರೆ ಎಂಬ ಮಾತು ಆಗ ಸುಲಭವಾಗಿ ಬರುತ್ತದೆ. ಇಲ್ಲಿ ನಡೆದದ್ದು ಬೇರೆ. ಅಡ್ವಾನ್ಸ್ಡ್‌ಗೆ ಕಳಿಸುವುದು ಸುಮಾರು ಎರಡೂವರೆ ಲಕ್ಷ ಮಂದಿಯನ್ನು. ಅದರಲ್ಲಿ ಎಲ್ಲರಿಗೂ ತೆರೆದಿರುವ ಪಟ್ಟಿಯ ಪಾಲು ಶೇ 40.5, ಅಂದರೆ 1,01,250. ಈ ಸಂಖ್ಯೆ ಹೆಚ್ಚುಕಡಿಮೆ ಸ್ಥಿರ. 2021ರಲ್ಲಿ ಮೇನ್ ಬರೆದವರು ಸುಮಾರು 9.4 ಲಕ್ಷ; 2024ರಲ್ಲಿ ಸುಮಾರು 14.15 ಲಕ್ಷ. ಒಂದು ಲಕ್ಷ ಚಿಲ್ಲರೆ ಮಂದಿ 9.4 ಲಕ್ಷದಲ್ಲಿ ಶೇ 11ರ ಹತ್ತಿರ, 14.15 ಲಕ್ಷದಲ್ಲಿ ಶೇ 7ರ ಹತ್ತಿರ. ಮೇಲಿನ ಶೇ 11ರೊಳಗೆ ಬರಬೇಕಾದರೆ 89, ಮೇಲಿನ ಶೇ 7ರೊಳಗೆ ಬರಬೇಕಾದರೆ 93. ಕಟ್‌ಆಫ್‌ನ ಏರಿಕೆ ಬಹುಪಾಲು ಇಷ್ಟರಲ್ಲೇ ಮುಗಿಯಿತು. ಮಕ್ಕಳು ಹೆಚ್ಚು ಕಲಿತರೋ ಕಡಿಮೆ ಕಲಿತರೋ ಎಂಬುದನ್ನು ಈ ಅಂಕಿ ಹೇಳುವುದೇ ಇಲ್ಲ, ಹೇಳಲು ಅದಕ್ಕೆ ಸಾಧ್ಯವೂ ಇಲ್ಲ. ಪ್ರತಿ ವರ್ಷವೂ ಅರ್ಧ ಮಕ್ಕಳು 50ಕ್ಕಿಂತ ಕೆಳಗಿರುತ್ತಾರೆ. ಇಡೀ ದೇಶ ಒಮ್ಮೆಗೇ ಜಾಣವಾದರೂ ಅದು ಬದಲಾಗದು.

ಒಬ್ಬ ವಿದ್ಯಾರ್ಥಿಯ ಮಟ್ಟಿಗೂ ಇದೇ ಮಾತು. ಜನವರಿಯಲ್ಲಿ 140 ಅಂಕ ತೆಗೆದು 96.2 ಪಡೆದ ಹುಡುಗಿ, ಏಪ್ರಿಲ್‌ನಲ್ಲಿ 155 ತೆಗೆದರೂ 95.8ಕ್ಕೆ ಇಳಿಯಬಹುದು. ಪತ್ರಿಕೆ ಸುಲಭವಾಗಿದ್ದಿರಬಹುದು, ಬೋರ್ಡ್ ಪರೀಕ್ಷೆ ಮುಗಿಸಿ ಬಂದ ಉಳಿದವರೂ ತಯಾರಾಗಿರಬಹುದು. ಈ ಇಳಿಕೆ ನೋಡಿ ‘ಎರಡು ತಿಂಗಳು ಹಾಳು ಮಾಡಿದೆ’ ಎಂದು ಗದರುವ ತಂದೆ ಅವಳಿಗೆ ಅನ್ಯಾಯ ಮಾಡುತ್ತಾರೆ. ರ‍್ಯಾಂಕಿಗೆ ಎರಡರಲ್ಲಿ ಉತ್ತಮವಾದದ್ದನ್ನೇ ಪರಿಗಣಿಸುತ್ತಾರೆ, ಅವಳ 96.2 ಎಲ್ಲಿಗೂ ಹೋಗಿಲ್ಲ. ಅವಳು ಏನು ಕಲಿತಳು ಎಂದು ತಿಳಿಯಬೇಕಾದರೆ ರೆಸ್ಪಾನ್ಸ್ ಶೀಟ್ ಮತ್ತು ಅಂತಿಮ ಕೀ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಮೈನಸ್ ಒಂದು. ತಪ್ಪು ಗುರುತಿಸಿದ ಒಂದು ಪ್ರಶ್ನೆ ಸರಿಯಾದರೆ ಐದು ಅಂಕದ ವ್ಯತ್ಯಾಸ. ಉಷ್ಣಬಲ ವಿಜ್ಞಾನದಲ್ಲಿ ಮೂರು ಪ್ರಶ್ನೆ ಬಿಟ್ಟಿದ್ದಾಳೆಯೇ, ಇಂಟಿಗ್ರೇಷನ್‌ನಲ್ಲಿ ಅಂದಾಜಿಗೆ ಹೊಡೆದು ಮೈನಸ್ ತಂದುಕೊಂಡಿದ್ದಾಳೆಯೇ ಎಂಬುದು ಇಲ್ಲಿ ಕಾಣುತ್ತದೆ. ಪರ್ಸೆಂಟೈಲ್ ನೋಡಿ ಓದಿನ ಯೋಜನೆ ಹಾಕಲು ಬರುವುದಿಲ್ಲ.

ಅಂಕಪಟ್ಟಿಯಲ್ಲಿ ಮತ್ತೊಂದು ವಿಚಿತ್ರ ಕಾಣುತ್ತದೆ. ಭೌತವಿಜ್ಞಾನ 92, ರಸಾಯನವಿಜ್ಞಾನ 90, ಗಣಿತ 91 ಎಂದಿದ್ದರೂ ಒಟ್ಟು ಪರ್ಸೆಂಟೈಲ್ 94 ಇರಬಹುದು. ಸರಾಸರಿ ಹಾಕಿ 91 ಬರಬೇಕಿತ್ತಲ್ಲ, ತಪ್ಪಾಗಿದೆ ಎಂದುಕೊಳ್ಳುವವರಿದ್ದಾರೆ. ತಪ್ಪಾಗಿಲ್ಲ. ಒಟ್ಟು ಅಂಕಗಳಿಗೆ ಪ್ರತ್ಯೇಕವಾಗಿ ಸಾಲು ನಿಲ್ಲಿಸುತ್ತಾರೆ. ಒಂದೊಂದು ವಿಷಯದಲ್ಲಿ ಈ ವಿದ್ಯಾರ್ಥಿಗಿಂತ ಮುಂದಿರುವವರು ಹಲವರು, ಆದರೆ ಅವರಲ್ಲಿ ಬಹಳ ಮಂದಿ ಇನ್ನೊಂದು ವಿಷಯದಲ್ಲಿ ಹಿಂದೆ ಬಿದ್ದಿರುತ್ತಾರೆ. ಮೂರರಲ್ಲೂ ಹದವಾಗಿ ಬರೆದವರು ಒಟ್ಟು ಸಾಲಿನಲ್ಲಿ ಮೇಲೇರುತ್ತಾರೆ. ಪರ್ಸೆಂಟೈಲ್‌ಗಳನ್ನು ಕೂಡಿ ಭಾಗಿಸುವುದಕ್ಕೆ ಅರ್ಥವಿಲ್ಲ ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಶೇಕಡಾವಾರು ಅಂಕವೇ ನಂಬಿಕೆಗೆ ಅರ್ಹವೇ? ನಮ್ಮ ಸಿಇಟಿಯನ್ನು ನೋಡಿ. ಇಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಪರೀಕ್ಷೆ, ಹಾಗಾಗಿ ಪರ್ಸೆಂಟೈಲ್ ಗೊಡವೆ ಇಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತಗಳ ಶೇಕಡಾವಾರಿನ ಅರ್ಧವನ್ನೂ, 180ಕ್ಕೆ ನಡೆಯುವ ಸಿಇಟಿಯ ಶೇಕಡಾವಾರಿನ ಅರ್ಧವನ್ನೂ ಕೂಡುತ್ತಾರೆ. ಕಾಗದದ ಮೇಲೆ ಸಮಪಾಲು. ಆದರೆ ಪೈಪೋಟಿಯಲ್ಲಿರುವ ಮಕ್ಕಳ ಪಿಯು ಅಂಕಗಳು ಎಂಬತ್ತೈದರಿಂದ ತೊಂಬತ್ತೆಂಟರ ನಡುವೆ ಒತ್ತೊತ್ತಾಗಿ ನಿಂತಿರುತ್ತವೆ. ಸಿಇಟಿ ಅಂಕಗಳು ಮೂವತ್ತರಿಂದ ತೊಂಬತ್ತರವರೆಗೆ ಹರಡಿರುತ್ತವೆ. ಪಿಯುವಿನಲ್ಲಿ 98, ಸಿಇಟಿಯಲ್ಲಿ ಶೇ 40 ತೆಗೆದವನಿಗೆ 69. ಪಿಯುವಿನಲ್ಲಿ 88, ಸಿಇಟಿಯಲ್ಲಿ ಶೇ 60 ತೆಗೆದವಳಿಗೆ 74. ಹತ್ತು ಅಂಕ ಹಿಂದಿದ್ದವಳು ಸಾವಿರಾರು ರ‍್ಯಾಂಕ್ ಮುಂದೆ ಹೋದಳು. ಯಾವ ಅಂಕ ಹೆಚ್ಚು ಹರಡಿದೆಯೋ ಅದೇ ರ‍್ಯಾಂಕನ್ನು ನಿರ್ಧರಿಸುತ್ತದೆ.

ಶೇಕಡಾವಾರಿನ ದೌರ್ಬಲ್ಯ ಪೂರ್ತಿ ಬಯಲಾದದ್ದು 2021ರಲ್ಲಿ. ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿ, ಹಿಂದಿನ ತರಗತಿಗಳ ಅಂಕಗಳ ಆಧಾರದಲ್ಲಿ ಫಲಿತಾಂಶ ಕೊಟ್ಟರು. 2,239 ಮಂದಿಗೆ 600ಕ್ಕೆ 600 ಬಂತು. ಮರುವರ್ಷ ಅದೇ ತಂಡದ ಪುನರಾವರ್ತಿತ ಅಭ್ಯರ್ಥಿಗಳು ಸಿಇಟಿ ಬರೆದಾಗ, ಅವರ ಪಿಯು ಅಂಕಗಳನ್ನು ಪರಿಗಣಿಸುವುದಿಲ್ಲ ಎಂದು ಪರೀಕ್ಷಾ ಪ್ರಾಧಿಕಾರ ನಿರ್ಧರಿಸಿತು. ವಿವಾದ ಹೈಕೋರ್ಟ್ ಮೆಟ್ಟಿಲೇರಿ, ಅವರ ಪಿಯು ಅಂಕಗಳನ್ನು ಸ್ವಲ್ಪ ತಗ್ಗಿಸಿ ಪರಿಗಣಿಸುವ ಸೂತ್ರದೊಂದಿಗೆ 2022ರ ಸೆಪ್ಟೆಂಬರ್‌ನಲ್ಲಿ ಬಗೆಹರಿಯಿತು. ಎರಡು ವರ್ಷಗಳ 95ನ್ನು ಒಂದೇ ತಕ್ಕಡಿಗೆ ಹಾಕಲು ಹೋದಾಗ ಎದ್ದ ಸಮಸ್ಯೆ ಅದು. ಒಂದೇ ಪತ್ರಿಕೆ, ಒಂದೇ ಮೌಲ್ಯಮಾಪನ ಇದ್ದಾಗ ಮಾತ್ರ ಶೇಕಡಾವಾರನ್ನು ಹೋಲಿಸಬಹುದು. ಎನ್ಐಟಿ ಪ್ರವೇಶದ ಅರ್ಹತೆಯಲ್ಲಿ ಇದಕ್ಕೆ ಒಂದು ದಾರಿ ಇದೆ: ಸಾಮಾನ್ಯ ವರ್ಗದ ವಿದ್ಯಾರ್ಥಿ ಹನ್ನೆರಡನೇ ತರಗತಿಯಲ್ಲಿ ಶೇ 75 ತೆಗೆದಿರಬೇಕು, ಇಲ್ಲವೇ ತನ್ನ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನೊಳಗಿರಬೇಕು. ಅಂಕ ಕೊಡುವುದರಲ್ಲಿ ಬಿಗಿಯಾಗಿರುವ ಬೋರ್ಡಿನ ಮಕ್ಕಳಿಗೆ ಎರಡನೆಯದು ರಕ್ಷಣೆ. ಶೇ 75 ಬಾರದೆ ಕೈಚೆಲ್ಲಿದವರು ಎರಡನೆಯ ಸಾಲನ್ನೂ ಓದಬೇಕು.

ನನಗೆ ಬೇಸರ ತರಿಸುವುದು ಜೆಇಇ ಮೇನ್ ಅಂಕಪಟ್ಟಿಯ ಜಿಪುಣತನ. ಏಳು ದಶಮಾಂಶಗಳವರೆಗೆ ಪರ್ಸೆಂಟೈಲ್ ಕೊಡುವ ಅದರಲ್ಲಿ ವಿದ್ಯಾರ್ಥಿ 300ಕ್ಕೆ ಪಡೆದ ಅಂಕವೇ ಇರುವುದಿಲ್ಲ. ಮಕ್ಕಳು ರೆಸ್ಪಾನ್ಸ್ ಶೀಟ್ ಹಿಡಿದು ತಾವೇ ಲೆಕ್ಕ ಹಾಕಿಕೊಳ್ಳಬೇಕು. ಆ ಅಂಕ, ಆ ಶಿಫ್ಟ್ ಬರೆದವರ ಒಟ್ಟು ಸಂಖ್ಯೆ, ಅವರಲ್ಲಿ ಅಷ್ಟೇ ಅಥವಾ ಕಡಿಮೆ ಅಂಕ ಪಡೆದವರ ಸಂಖ್ಯೆ: ಈ ಮೂರನ್ನು ಪರ್ಸೆಂಟೈಲ್ ಪಕ್ಕದಲ್ಲೇ ಮುದ್ರಿಸಲು ಹೊಸ ಲೆಕ್ಕವೇನೂ ಬೇಕಿಲ್ಲ, ಪರ್ಸೆಂಟೈಲ್ ಹುಟ್ಟುವುದೇ ಅವುಗಳಿಂದ. ಅಷ್ಟು ಸಿಕ್ಕರೆ 94 ಬಂತೆಂದ ಹುಡುಗಿ ತನ್ನ ಮುಂದೆ ಎಷ್ಟು ಮಂದಿ ಇದ್ದಾರೆ, ತಾನು 300ಕ್ಕೆ ಎಷ್ಟು ಅಂಕ ತೆಗೆದೆ ಎಂಬುದೆರಡನ್ನೂ ಮನೆಯವರಿಗೆ ಒಂದೇ ಹಾಳೆ ತೋರಿಸಿ ವಿವರಿಸಬಹುದು.